ಬಾವಿಯ ಬಳಿ ನಡೆದ ಸಂಗತಿ

ಪಾಲಾಕ್ಷಯ್ಯ ತೀರಿಕೊಂಡ. ಬುಧವಾರ ಬೆಳಿಗ್ಗೆ, ಕೊಪ್ಪಲಿನ ಕಪಿಲೆ ಬಾವಿಯ ಪಕ್ಕದಲ್ಲಿ.

ಸುದ್ದಿ ತಂದವನು ಬೋರಪ್ಪ. ಕೊಣನೂರಿನ ಶಾಲೆಯಲ್ಲಿ ರಂಗಸ್ವಾಮಿ ಮೇಷ್ಟರು ಮೂರನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಬೋರಪ್ಪ ಬಾಗಿಲಲ್ಲಿ ಬಂದು ನಿಂತ. ಮೊಣಕಾಲವರೆಗೂ ಧೂಳು. ಮುಂಡಾಸು ಎಲ್ಲೋ ಬಿದ್ದುಹೋಗಿತ್ತು.

"ಮೇಷ್ಟ್ರೇ, ಸಾವ್ಕಾರ್ರು ಓಗ್ಬುಟ್ರು."

"ಎಲ್ಲಿಗೆ ಹೋದ?" ಎಂದರು ರಂಗಸ್ವಾಮಿ. ಕೈಯಲ್ಲಿ ಸೀಮೆಸುಣ್ಣ ಹಾಗೆಯೇ ಇತ್ತು. ಹಿಂದಿನ ದಿನ ಸಂಜೆ ತಾನೇ ಇಬ್ಬರೂ ಅಂಗಡಿಯ ಜಗಲಿಯಲ್ಲಿ ಕೂತು ಹರಟಿದ್ದರು. ಹೋಗುವುದಿದ್ದರೆ ಹೇಳಿ ಹೋಗುವ ಜನ ಅವನು.

ಬೋರಪ್ಪ ಬಾಗಿಲ ಚೌಕಟ್ಟಿಗೆ ಒರಗಿ, ಮಕ್ಕಳೆದುರಿಗೇ ಗೊಳೋ ಎಂದು ಅತ್ತ. ಆಗ ಮೇಷ್ಟರಿಗೆ ಅರ್ಥವಾಯಿತು. ಅರ್ಥವಾದರೂ ಅವರು ಹಲಗೆಯ ಕಡೆ ತಿರುಗಿ, ಅರ್ಧಕ್ಕೆ ನಿಲ್ಲಿಸಿದ್ದ ಲೆಕ್ಕವನ್ನು ಪೂರ್ತಿ ಮಾಡಿದರು. ಏಕೆ ಹಾಗೆ ಮಾಡಿದರೋ ಅವರಿಗೆ ಇವತ್ತಿಗೂ ತಿಳಿಯದು.

ಹೊರಗೆ ರಸ್ತೆಯಲ್ಲಿ ಗಾಡಿ ಬರುತ್ತಿತ್ತು. ಗಾಡಿ ಶಿವಯ್ಯನದು. ನೊಗದ ಒಂದು ಕಡೆ ಶಿವಯ್ಯನ ಬಿಳಿ ಎತ್ತು, ಇನ್ನೊಂದು ಕಡೆ ಬೋರಪ್ಪನ ಕಂದು ಎತ್ತು. ಒಂದು ಎತ್ತರ, ಒಂದು ಗಿಡ್ಡ. ಜೊತೆಯಾಗಿ ನಡೆದು ಅಭ್ಯಾಸವಿಲ್ಲದೆ ಗಾಡಿ ಓಲಾಡುತ್ತಿತ್ತು. ಹುಲ್ಲಿನ ಮೇಲೆ ಪಾಲಾಕ್ಷಯ್ಯನನ್ನು ಮಲಗಿಸಿ ಮುಖದವರೆಗೂ ವಸ್ತ್ರ ಹೊದಿಸಿದ್ದರು. ಗಾಡಿ ಹೊಡೆಯುತ್ತಿದ್ದ ಶಿವಯ್ಯ ಮೇಷ್ಟರನ್ನು ಕಂಡು ಗಾಡಿ ನಿಲ್ಲಿಸಿದ.

ಊರೆಲ್ಲ ಹೊರಗೆ ಬಂದು ನಿಂತಿತ್ತು. ಜನ ಹೆಣವನ್ನು ನೋಡುವುದೋ ಎತ್ತುಗಳನ್ನು ನೋಡುವುದೋ ತಿಳಿಯದೆ ಕಂಗೆಟ್ಟಿದ್ದರು. ಶಿವಯ್ಯನ ಮನೆಗೂ ಬೋರಪ್ಪನ ಮನೆಗೂ ನಡುವೆ ಆ ತಿಂಗಳು ಬೆಂಕಿಯ ಕೆಂಡವೂ ದಾಟಿರಲಿಲ್ಲ.

*

ಪಾಲಾಕ್ಷಯ್ಯನಿಗೆ ಕೊಣನೂರಿನಲ್ಲಿ ಜವಳಿ ಅಂಗಡಿ. ಅಪ್ಪನ ಕಾಲದ್ದು. ಅರಕಲಗೂಡಿನಲ್ಲಿ ಲೋಯರ್ ಸೆಕೆಂಡರಿ ಮುಗಿಸಿದವನೇ ಅಂಗಡಿಗೆ ಬರಲು ಒಪ್ಪದೆ, ಹೊಳೆನರಸೀಪುರದಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿ ಸೇರಿದ್ದ. ಅಕ್ಷರ ಮುತ್ತಿನಂತಿತ್ತು. ವಕೀಲರು ಹೇಳುತ್ತಿದ್ದರು, ಅವನು ನೋಟೀಸು ಬರೆಯುತ್ತಿದ್ದ.

"ನೋಟೀಸು ಬರೆದೂ ಬರೆದೂ ಒಂದು ವಿಷಯ ಕಲಿತೆ ಕಣೋ," ಎಂದು ಅವನು ರಂಗಸ್ವಾಮಿಗೆ ಹೇಳಿದ್ದುಂಟು. "ನೋಟೀಸು ಮುಟ್ಟಿದ ಮೇಲೆ ಯಾರೂ ಮಾತಾಡೋಕೆ ಬರಲ್ಲ. ಇನ್ನೊಬ್ಬ ವಕೀಲನ ಹತ್ತಿರ ಓಡ್ತಾರೆ. ಮೊದಲನೇ ಸಾಲಲ್ಲೇ ನೀನು ತಪ್ಪು ಮಾಡಿದೀಯ ಅಂತ ಬರೆದರೆ, ಎರಡನೇ ಸಾಲು ಯಾವನು ಓದ್ತಾನೆ?"

ಅಪ್ಪ ಸತ್ತ ಮೇಲೆ ಅಂಗಡಿಗೆ ಬಂದ. ಬಟ್ಟೆ ಕೊಳ್ಳಲು ಬಂದವರು ಗಜಕಡ್ಡಿಯ ಮುಂದೆ ಕೂತು ಮನೆಯ ಜಗಳ ಹೇಳಿಕೊಳ್ಳುತ್ತಾರೆ, ಅದು ಎಲ್ಲ ಜವಳಿ ಅಂಗಡಿಗಳಲ್ಲೂ ಇದ್ದದ್ದೇ. ಇವನು ಕೇಳಿಸಿಕೊಂಡು ಸುಮ್ಮನಾಗುತ್ತಿರಲಿಲ್ಲ. ಎರಡು ಕಡೆಯವರಿಗೂ ಒಂದೊಂದು ಕಾಗದ ಬರೆದು ಕರೆಸುತ್ತಿದ್ದ. ನ್ಯಾಯ ಹೇಳುವುದು ಅವನ ಕೆಲಸವಾಗಿರಲಿಲ್ಲ. ಊರಲ್ಲಿ ನ್ಯಾಯ ಹೇಳುವವರಿಗೆ ಬರವಿರಲಿಲ್ಲ. ಕರೆಯುವುದಷ್ಟೇ ಅವನ ಕೆಲಸ. ಮೂರು ಹೋಬಳಿಗಳ ಜನ ಅದನ್ನು 'ಪಾಲಾಕ್ಷಯ್ಯನ ಕರೆ' ಎನ್ನುತ್ತಿದ್ದರು. ಹಳ್ಳಿಮೈಸೂರಿನ ಕಡೆಯಿಂದಲೂ ಬಂದು, "ನಮ್ಗೊಂದು ಕರೆ ಬರ್ಕೊಡಿ" ಎಂದು ಕೇಳುತ್ತಿದ್ದರು.

ಅವನ ಹೆಂಡತಿ ಗುರುಸಿದ್ದಮ್ಮನಿಗೆ ಇದು ಸೇರುತ್ತಿರಲಿಲ್ಲ. "ಊರೋರ ಜಗಳಕ್ಕೆಲ್ಲ ನಮ್ಮನೆ ಮಸಿ," ಎನ್ನುತ್ತಿದ್ದರು. "ಮದುವೆ ಕಾಗದಾನಾದ್ರೂ ಇಷ್ಟು ಚೆನ್ನಾಗಿ ಬರೆದಿದ್ರೆ ನನ್ನ ತವರಿನವರೆಲ್ಲ ಬಂದಿರೋರು."

*

ಕೊಪ್ಪಲಿನಲ್ಲಿ ಬೋರಪ್ಪನ ಹೊಲಕ್ಕೂ ಶಿವಯ್ಯನ ಹೊಲಕ್ಕೂ ನಡುವೆ, ಗಡಿಯ ಮೇಲೆಯೇ, ಆ ಬಾವಿ. ತಾತಂದಿರು ಕೂಡಿ ತೋಡಿಸಿದ್ದು. ನೀರು ಸೇದುವುದಕ್ಕೆ ಒಂದೇ ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆದರೆ ತೊಗಲ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಹಿಂದಕ್ಕೆ ಹತ್ತಿದರೆ ಬಾನಿ ಕೆಳಗಿಳಿಯುತ್ತದೆ. ಎತ್ತು ಶಿವಯ್ಯನ ಮನೆಯದು. ಹಗ್ಗ, ಬಾನಿ ಬೋರಪ್ಪನ ಮನೆಯದು. ತಾತಂದಿರು ಮಾಡಿಟ್ಟ ಏರ್ಪಾಡು. ದಿನ ಬಿಟ್ಟು ದಿನ ನೀರು.

ಆ ವರ್ಷ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬಾನಿ ತುಂಬಿ ಮೇಲೆ ಬರುತ್ತಿರುವಾಗ ಹಗ್ಗ ಹರಿಯಿತು. ಜೋಡಿಯಲ್ಲಿ ಒಂದು ಎತ್ತು ಇಳಿಜಾರಿನಲ್ಲಿ ಮುಗ್ಗರಿಸಿ ಮುಂಗಾಲು ಮುರಿದುಕೊಂಡಿತು. ವಾರದೊಳಗೆ ಸತ್ತಿತು. ಎತ್ತು ಹೊಡೆಯುತ್ತಿದ್ದವನು ಶಿವಯ್ಯನೇ.

"ಹಗ್ಗ ಸವೆದು ಲಡ್ಡಾಗಿತ್ತು. ಅದು ಹರಿದು ನನ್ನ ಎತ್ತು ಬಿತ್ತು," ಎಂದ ಶಿವಯ್ಯ.

"ಎತ್ತು ಮುಗ್ಗರಿಸ್ತು, ಆ ಜಗ್ಗಿಗೆ ಹಗ್ಗ ಅರೀತು. ಬಾರುಕೋಲು ಬೀಸ್ಕಂಡು ಓಡ್ಸುದ್ರೆ ಇನ್ನೇನಾಯ್ತದೆ?" ಎಂದ ಬೋರಪ್ಪ.

ಬೋರಪ್ಪ ಉಳಿದ ಹಗ್ಗವನ್ನೂ ಬಾನಿಯನ್ನೂ ಮನೆಗೆ ಹೊತ್ತುಕೊಂಡು ಹೋದ. ಶಿವಯ್ಯ ಇಳಿಜಾರಿಗೆ ಮುಳ್ಳು ಹಾಕಿದ. ತುಂಬಿದ ಬಾವಿ ಹಾಗೆಯೇ ನಿಂತಿತು. ಎರಡು ಕಡೆಯ ಮೆಣಸಿನ ಸಸಿಗಳೂ ಬಿಸಿಲಿಗೆ ಬಾಡತೊಡಗಿದವು. ಶಿವಯ್ಯ ಹಾಸನಕ್ಕೆ ಹೋಗಿ ವಕೀಲರನ್ನು ಕಂಡು ಬಂದನೆಂದು ಸುದ್ದಿಯಾಯಿತು. ದಾವೆ ಬಿತ್ತೆಂದರೆ ತಡೆಯಾಜ್ಞೆ. ತಡೆಯಾಜ್ಞೆ ಬಂತೆಂದರೆ ಬಾವಿಗೆ ಯಾರೂ ಇಳಿಯುವಂತಿಲ್ಲ, ಎಷ್ಟು ವರ್ಷವೋ. ಪಾಲಾಕ್ಷಯ್ಯ ಹೊಳೆನರಸೀಪುರದಲ್ಲಿ ಅಂಥ ಬಾವಿಗಳ ಕಾಗದಗಳನ್ನು ತಾನೇ ಬರೆದಿದ್ದವನು. ಅದಕ್ಕೆ ಮುಂಚೆ ಇಬ್ಬರನ್ನೂ ಒಂದು ಕಡೆ ಕೂರಿಸಬೇಕಿತ್ತು.

ಇನ್ನೊಂದು ತೊಡಕೂ ಇತ್ತು. ಶಿವಯ್ಯ ಅವನ ಸ್ವಂತ ತಂಗಿ ಗಂಗಾಂಬಿಕೆಯ ಗಂಡ.

ರಂಗಸ್ವಾಮಿ ಅಂದರು: "ನೀನು ಇದಕ್ಕೆ ಕೈ ಹಾಕಬೇಡ. ತಂಗಿಯ ಮನೆ. ನೀನು ತಕ್ಕಡಿ ಎಷ್ಟು ನೆಟ್ಟಗೆ ಹಿಡಿದರೂ ಬೋರಪ್ಪನ ಕಣ್ಣಿಗೆ ಒಂದು ಕಡೆ ವಾಲಿರುತ್ತೆ."

"ಇನ್ನು ಯಾರು ಕರೀತಾರೆ ಹೇಳು? ನೀನು?"

"ನಾನು ಮಕ್ಕಳನ್ನೇ ಕರೆದು ಕೂರಿಸಲಾರೆ."

"ಮತ್ತೆ? ಸುಮ್ಮನೆ ನಿನ್ನ ಶಾಲೆ ಜಗಲಿ ಕೊಡು. ಗುಡಿ ಆಗಬಾರದು, ಅದು ನಿಮ್ಮೋರ ಗುಡಿ ಅಂತ ಬೋರಪ್ಪ ಅಂತಾನೆ. ಪಟೇಲರ ಚಾವಡಿ ಆಗಬಾರದು, ಪಟೇಲರು ಅವನ ಕಡೆಯೋರು ಅಂತ ನಮ್ಮ ಭಾವ ಅಂತಾನೆ. ಶಾಲೆ ಯಾರದೂ ಅಲ್ಲ."

ಆ ಕಾಗದ ಬರೆಯಲು ಅವನಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ರಂಗಸ್ವಾಮಿ ಪಕ್ಕದಲ್ಲಿಯೇ ಇದ್ದರು. 'ಹಗ್ಗ ಹರಿದ ವಿಷಯ' ಎಂದು ಬರೆದು ಹೊಡೆದು ಹಾಕಿದ. ಅದರಿಂದ ತಪ್ಪು ಹಗ್ಗದವನ ತಲೆಗೆ ಬರುತ್ತದೆ. 'ಎತ್ತು ಬಿದ್ದ ವಿಷಯ' ಎಂದು ಬರೆದ. ಅದೂ ಹೋಯಿತು, ಎತ್ತು ಹೊಡೆದವನ ತಪ್ಪಾಗುತ್ತದೆ. 'ಹಗ್ಗ ಹರಿದದ್ದು ಮತ್ತು ಎತ್ತು ಬಿದ್ದದ್ದು' ಎಂದರೆ ಯಾವುದು ಮೊದಲು ಎಂಬ ಜಗಳವನ್ನೇ ಇವನು ತೀರಿಸಿದಂತಾಗುತ್ತದೆ. 'ರಾಜಿಗೆ ಬನ್ನಿ' ಎನ್ನಲೂ ಒಪ್ಪಲಿಲ್ಲ. "ಬರೋದಕ್ಕೆ ಮುಂಚೆಯೇ ಸೋಲು ಅಂತ ಕೇಳಿಸುತ್ತೆ," ಎಂದ. ಕೊನೆಗೆ ಉಳಿದದ್ದು ಇದು:

"ಶ್ರೀ ಬೋರಪ್ಪನವರಿಗೆ ಪಾಲಾಕ್ಷಯ್ಯನ ನಮಸ್ಕಾರಗಳು. ತಮ್ಮ ಮತ್ತು ಶ್ರೀ ಶಿವಯ್ಯನವರ ಹೊಲಗಳ ನಡುವಣ ಬಾವಿಯ ಬಳಿ ಈಚೆಗೆ ನಡೆದ ಸಂಗತಿಯನ್ನು ಕುರಿತು ಇಬ್ಬರೂ ಎದುರುಬದುರು ಕುಳಿತು ಮಾತನಾಡಿದರೆ ಒಳ್ಳೆಯದೆಂದು ತೋರುತ್ತದೆ. ಬರುವ ಭಾನುವಾರ ಬೆಳಿಗ್ಗೆ ಕೊಣನೂರಿನ ಶಾಲೆಯ ಜಗಲಿಯಲ್ಲಿ ಸೇರಬಹುದು. ದಿನ, ಸ್ಥಳ ಅನುಕೂಲವಿಲ್ಲದಿದ್ದರೆ ತಿಳಿಸಬೇಕು, ಬದಲಾಯಿಸೋಣ. ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಕರೆತರಬಹುದು. ಅಲ್ಲಿ ತೀರ್ಪು ಹೇಳುವವರು ಯಾರೂ ಇರುವುದಿಲ್ಲ. ಇಬ್ಬರೂ ಒಪ್ಪಿದ್ದೇ ತೀರ್ಮಾನ. ಒಪ್ಪದೆ ಎದ್ದುಹೋಗಲೂ ಇಬ್ಬರಿಗೂ ಅಡ್ಡಿಯಿಲ್ಲ. ಶ್ರೀ ಶಿವಯ್ಯನವರು ನನ್ನ ತಂಗಿಯ ಯಜಮಾನರೆಂಬುದು ತಮಗೆ ತಿಳಿದದ್ದೇ. ಅದರಿಂದ ತಮಗೆ ಸಂಶಯವಿದ್ದರೆ ಬೇರೆ ಯಾರಾದರೂ ಕರೆಯಲಿ, ನಾನು ಹಿಂದೆ ಸರಿಯುತ್ತೇನೆ. ಇದೇ ಮಾತುಗಳ ಕಾಗದ ಅವರಿಗೂ ಇಂದೇ ಹೋಗುತ್ತಿದೆ."

ಇನ್ನೊಂದು ಕಾಗದದಲ್ಲಿ ಹೆಸರುಗಳು ಮಾತ್ರ ಅದಲುಬದಲು. ತಂಗಿಯ ಮಾತು ಬಂದ ಕಡೆ, 'ನಾನು ತಮ್ಮ ಸಂಬಂಧಿಯೆಂಬುದರಿಂದ ತಮಗೆ ಸಂಕೋಚವಿದ್ದರೆ' ಎಂದು ಬದಲಾಯಿಸಿದ್ದ. ಎರಡನ್ನೂ ಒಂದೇ ಟಪಾಲಿಗೆ ಹಾಕಿದ.

*

ಶಿವಯ್ಯನ ಮನೆಯಲ್ಲಿ ಕಾಗದ ಓದಿದವಳು ಗಂಗಾಂಬಿಕೆ. ಓದಿದವಳೇ ಸಂತೆಯ ದಿನ ಅಂಗಡಿಗೆ ಬಂದು ಅಣ್ಣನ ಮುಂದೆ ಅದನ್ನು ಕುಕ್ಕಿದಳು.

"ಏನಣ್ಣಾ, ನಿಮ್ಮ ಭಾವನಿಗೆ 'ಶ್ರೀ ಶಿವಯ್ಯನವರಿಗೆ' ಅಂತ ಬರೆದಿದೀಯಲ್ಲ, ಯಾವ ಊರೋನೋ ಎಂಬಂಗೆ! ಇನ್ನೊಂದ್ಸಲ ಹಬ್ಬಕ್ಕೆ ಕರೆಯೋವಾಗ ನಂಗೂ 'ಶ್ರೀಮತಿ' ಅಂತ ಬರಿ."

"ಬರೀತೀನಿ. ಬರ್ತಾರೋ ಇಲ್ವೋ ಅದು ಹೇಳು."

"ಮೊದ್ಲು ರೇಗಿದ್ರು. ಆಮೇಲೆ ಎರಡನೇ ಸಲ ಓದ್ಸಿದ್ರು. 'ಎದ್ದುಹೋಗಲೂ ಅಡ್ಡಿಯಿಲ್ಲ' ಅಂತಿದೆಯಲ್ಲ, ಅಲ್ಲಿ ಸುಮ್ಮನಾದ್ರು." ಧ್ವನಿ ತಗ್ಗಿಸಿದಳು. "ಬರ್ತಾರೆ ಕಣಣ್ಣ. ಬಾಯಲ್ಲಿ ಹೇಳಲ್ಲ, ಬರ್ತಾರೆ."

ಪಾಲಾಕ್ಷಯ್ಯ ನಕ್ಕ. ಜಗಳ ಶುರುವಾದ ಮೇಲೆ ಅವನು ತಂಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕಾಗಿ ಅವಳಿಗೆ ಕೋಪವಿತ್ತು. ಆದರೂ ಹೊರಡುವಾಗ ಅವನ ಅಂಗಡಿಯಿಂದಲೇ ಒಂದು ಕುಪ್ಪಸದ ಕಣ ಹರಿಸಿಕೊಂಡು ಹೋದಳು.

ಅವಳು ಅತ್ತ ಹೋದಳು, ಇತ್ತ ಬೋರಪ್ಪ ಬಂದ. ರಂಗಸ್ವಾಮಿ ಅಲ್ಲಿಯೇ ಇದ್ದರು. ಬೋರಪ್ಪ ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತ.

"ಸಾವ್ಕಾರ್ರೇ, ನಾನ್ ನಿಮ್ಗೇನ್ ಅನ್ಯಾಯ ಮಾಡಿದ್ದೆ?"

"ಏನಾಯ್ತು ಬೋರಪ್ಪ? ಮೇಲೆ ಬಾ."

"ಏನಾಯ್ತಾ? ನಂಗೆ ಓದಾಕ್ ಬತ್ತದಾ? ನಿಮ್ಗೊತ್ತಿಲ್ವಾ? ಕಾಗ್ದ ಓದ್ಸಾಕೆ ನಮ್ ಕೊಪ್ಲಿನ ಕೆಂಪಣ್ಣನ ಅಂಗ್ಡಿಗೆ ಓದೆ, ಎಲ್ರೂ ಓಗೋ ಅಂಗೆ. ಆ ನನ್ಮಗ ಉಪ್ಪಿನ್ ಮೂಟೆ ಮ್ಯಾಲ್ ನಿಂತ್ಕಂಡು, ಕೋರ್ಟ್ ಅಮೀನ ತಮಟೆ ಒಡ್ಸಿ ಕೂಗ್ತಾನಲ್ಲ, ಅಂಗೆ ಓದ್ಬುಟ್ಟ. 'ಬೋರಪ್ಪಾ, ಭಾನ್ವಾರ ಕರೆ ಬಂದದೆ, ಆಜ್ರಾಗ್ಬೇಕಂತೆ ಕಣ್ಲಾ' ಅಂದ. ಇಡೀ ಕೊಪ್ಲು ನಗ್ತು. ಅವ್ರ ಮನೇಲಿ ಕದ ಆಕ್ಕಂಡು ಓದವ್ರೆ. ನನ್ ಮಾನ ಬೀದೀಲಿ ಓಯ್ತು."

"'ಹಾಜರಾಗಬೇಕು' ಅಂತ ನಾನು ಬರೆದಿಲ್ಲ, ಬೋರಪ್ಪ."

"ನೀವ್ ಏನ್ ಬರುದ್ರೋ ನಂಗೇನ್ ಗೊತ್ತು? ಕೇಳ್ಸಿದ್ದು ಅದು. ಬರಾಕಿಲ್ಲ. ಅವ್ನು ಕೋರ್ಟ್ಗೇ ಓಗ್ಲಿ."

ಹೋಗಿಬಿಟ್ಟ. ಪಾಲಾಕ್ಷಯ್ಯ ಕಪಾಳಕ್ಕೆ ಏಟು ತಿಂದವನಂತೆ ಕೂತ. ಗಿರಾಕಿಯೊಬ್ಬಳು ಸೀರೆಯ ಬೆಲೆ ಕೇಳಿದಳು, ಅವನಿಗೆ ಕೇಳಿಸಲಿಲ್ಲ. ಇಷ್ಟು ವರ್ಷ ಎಷ್ಟೋ ಕಾಗದ ಬರೆದಿದ್ದ. ಅದರಲ್ಲಿ ಅರ್ಧ ಜನ ಓದು ಬಾರದವರು. ಯಾರು ಓದಿದರು, ಎಲ್ಲಿ ಓದಿದರು, ಹೇಗೆ ಓದಿದರು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಮಾತು ಎರಡು ಕಡೆಗೂ ಒಂದೇ ಇತ್ತಲ್ಲೋ," ಎಂದ ರಂಗಸ್ವಾಮಿಯ ಕಡೆ ನೋಡಿ. "ಹೆಸರು, ಸಂಬಂಧ ಬಿಟ್ಟರೆ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ."

ಮಂಗಳವಾರ ಸಂಜೆ ಅವನು ಮತ್ತೆ ಆ ಮಾತೇ ಎತ್ತಿದ. ಕಾಗದ ಬೇಡ, ಬಾಯಲ್ಲಿ ಹೇಳಬೇಕು ಎಂದ. ಆದರೆ ಬೋರಪ್ಪನ ಮನೆಗೆ ಮೊದಲು ಹೋದರೆ ಭಾವ ಮುನಿಯುತ್ತಾನೆ. ತಂಗಿಯ ಮನೆಗೆ ಮೊದಲು ಹೋದರೆ ಬೋರಪ್ಪ, 'ಅಲ್ಲಿ ಉಂಡು, ಪಾಠ ಹೇಳಿಸ್ಕಂಡು ಬಂದ್ರು' ಎನ್ನುತ್ತಾನೆ. ಹೇಳಿದ ಮಾತು ಇಬ್ಬರ ಕಿವಿಗೂ ಒಂದೇ ಹೊತ್ತಿಗೆ, ಒಂದೇ ಬಾಯಿಂದ ಬೀಳಬೇಕು.

"ಹಾಗಾದರೆ ಇಬ್ಬರನ್ನೂ ಮಂತ್ರ ಹಾಕಿ ಒಂದು ಕಡೆ ತರಿಸು," ಎಂದು ಮೇಷ್ಟರು ಚುಡಾಯಿಸಿದರು. "ಒಟ್ಟಿಗೆ ಸೇರೋಕೆ ಕರೆಯೋಕ್ಕೆ ಮುಂಚೆ ಒಟ್ಟಿಗೆ ಸೇರಿಸಬೇಕು ಅಂತೀಯಲ್ಲ!"

"ಅವರು ಸೇರೋದು ಬೇಡ. ನಾನು ಮಧ್ಯೆ ನಿಂತರೆ ಸಾಕು," ಎಂದ. ಎದೆಯನ್ನು ಅಂಗೈಯಿಂದ ಉಜ್ಜಿಕೊಂಡ. ಬೆಳಗಿನಿಂದ ಹಾಗೆ ಉಜ್ಜಿಕೊಳ್ಳುತ್ತಿದ್ದ.

"ಏನೋ ಅದು?"

"ಹುರುಳಿ ಸಾರು ಕಣೋ. ನಿನ್ನೆ ಜಾಸ್ತಿ ಉಂಡೆ."

ರಂಗಸ್ವಾಮಿ ಅದನ್ನು ನಂಬಿದರು. ಯಾಕೆ ನಂಬಬಾರದು? ಅವನು ಎಂದಾದರೂ ಸುಳ್ಳು ಹೇಳಿದವನೇ?

*

ಗುರುವಾರ ಅವನನ್ನು ಅವರದೇ ತೋಟದಲ್ಲಿ ಸಮಾಧಿ ಮಾಡಿದರು. ಗುರುಸಿದ್ದಮ್ಮ ಅಳಲಿಲ್ಲ. ಬಂದವರನ್ನೆಲ್ಲ, "ಉಪವಾಸ ಹೋದ್ರು, ನೋಡಿದ್ರಾ? ರೊಟ್ಟಿ ತಟ್ಟಿಟ್ಟಿದ್ದೆ, ಬಂದು ತಿಂತೀನಿ ಅಂದ್ರು," ಎಂದಷ್ಟೇ ಕೇಳುತ್ತಿದ್ದರು. ಐವತ್ತು ತುಂಬದ ಗಂಡಸು, ಮಂಗಳವಾರವಷ್ಟೇ ಗಜಕಡ್ಡಿ ಹಿಡಿದು ಬಟ್ಟೆ ಅಳೆದವನು. ಹೇಳುವುದಕ್ಕೆ ಏನಿದೆ?

ಭಾನುವಾರ ಬೆಳಿಗ್ಗೆ ರಂಗಸ್ವಾಮಿ ಏಕೋ ಶಾಲೆಯ ಕಡೆ ಹೋದರು. ಶಾಲೆಗೆ ರಜೆ. ಜಗಲಿಯ ಒಂದು ಕೊನೆಯಲ್ಲಿ ಬೋರಪ್ಪ ಕೂತಿದ್ದ, ಇನ್ನೊಂದು ಕೊನೆಯಲ್ಲಿ ಶಿವಯ್ಯ. ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. ಬಾಗಿಲು ಹಾಕಿತ್ತು. ಇಬ್ಬರೂ ಮೇಷ್ಟರನ್ನು ನೋಡಿದರು.

"ಕರುದ್ರಲ್ಲ," ಎಂದ ಬೋರಪ್ಪ. "ಅದ್ಕೆ ಬಂದೋ."

ಇಬ್ಬರ ನಡುವೆ ಜಾಗ ಬಿಟ್ಟಿದ್ದರು. ಅಲ್ಲಿ ಕೂರಲು ರಂಗಸ್ವಾಮಿಗೆ ಮನಸ್ಸು ಬರಲಿಲ್ಲ. ಎದುರಿಗೆ, ಅಂಗಳದ ಕಲ್ಲಿನ ಮೇಲೆ ಕೂತರು.

ಎತ್ತು, ಹಗ್ಗಗಳ ಮಾತು ಆ ದಿನ ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಬೇಗ ಮುಗಿಯಿತು. ಮುಂದೆ ಹಗ್ಗ ಇಬ್ಬರೂ ಕೂಡಿ ತರುವುದು, ಎತ್ತೂ ಆಯಾ ದಿನ ಅವರವರದೇ. ಮುಳ್ಳು ತೆಗೆಯುವುದು. ಹಗ್ಗ ಮೊದಲು ಹರಿಯಿತೋ ಎತ್ತು ಮೊದಲು ಬಿತ್ತೋ ಎಂಬುದರಲ್ಲಿ ಇಬ್ಬರೂ ಒಂದಾಗಲಿಲ್ಲ. ಅದನ್ನು ಹಾಗೆಯೇ ಬಿಟ್ಟರು. ಅದಕ್ಕೆ ಮುಂಚೆ ಮಾತಾಡಿದ್ದೆಲ್ಲ ಬುಧವಾರ ಬಾವಿಯ ಬಳಿ ಪಾಲಾಕ್ಷಯ್ಯ ಕುಸಿದುಬಿದ್ದ ವಿಷಯ. ರಂಗಸ್ವಾಮಿ ಮೊದಲು ಶಿವಯ್ಯನನ್ನು ಕೇಳಿದರು, ಆಮೇಲೆ ಬೋರಪ್ಪನನ್ನು. ಇಬ್ಬರೂ ಹೇಳಿದ್ದು ಒಂದೇ. ಒಬ್ಬನ ಮಾತನ್ನು ಇನ್ನೊಬ್ಬ ಎಲ್ಲಿಯೂ ತಿದ್ದಲಿಲ್ಲ.

ಬಿಸಿಲು ಏರುವ ಮುಂಚೆಯೇ ಪಾಲಾಕ್ಷಯ್ಯ ಕೊಪ್ಪಲಿಗೆ ಬಂದಿದ್ದ. ಊರೊಳಗೆ ಹೋಗಲಿಲ್ಲ. ನೇರ ಹೊಲದ ದಾರಿ ಹಿಡಿದ. ಶಿವಯ್ಯ ತನ್ನ ಬದುವಿನ ಮೇಲಿದ್ದ, ಕೊಡದಲ್ಲಿ ನೀರು ತಂದು ಸಸಿಗೆ ಹಾಕುತ್ತಿದ್ದ. ಬೋರಪ್ಪ ತನ್ನ ಕಡೆ ಹಾಗೆಯೇ ಕೊಡ ಹೊತ್ತಿದ್ದ. ಒಬ್ಬರನ್ನೊಬ್ಬರು ನೋಡದಂತೆ ಇಬ್ಬರೂ ತಲೆ ತಗ್ಗಿಸಿಕೊಂಡು ದುಡಿಯುತ್ತಿದ್ದರು. ಪಾಲಾಕ್ಷಯ್ಯ ಯಾರನ್ನೂ ಮಾತಾಡಿಸಲಿಲ್ಲ. ಚಪ್ಪಲಿ ಬಿಟ್ಟು, ಬಾವಿಯ ಕಟ್ಟೆ ಹತ್ತಿ, ಗಡಿಯ ಕಲ್ಲಿನ ಮೇಲೆ ನಿಂತ.

"ಮೈ ಬೆವ್ತು ನೀರಾಗಿತ್ತು," ಎಂದ ಶಿವಯ್ಯ. "ಬಿಸಿಲಿಗೆ ಅಂದ್ಕೊಂಡೆ. ಕೆಳಗೆ ಇಳಿ ಭಾವ ಅಂತ ಕೂಗೋಣ ಅಂತಿದ್ದೆ. ಕೂಗ್ಲಿಲ್ಲ."

ಪಾಲಾಕ್ಷಯ್ಯ ಎಂದೂ ದೊಡ್ಡ ದನಿಯಲ್ಲಿ ಮಾತಾಡಿದವನಲ್ಲ. ಅಂದು ಕಾಗದದ ಮಾತನ್ನೆಲ್ಲ ಎರಡು ಹೊಲಗಳ ಕೊನೆಗೂ ಮುಟ್ಟುವಂತೆ ಹೇಳಿದ. ಬೋರಪ್ಪ ಕೊಡ ಇಳಿಸಿ ನಿಂತು ಕೇಳಿದ. ಕೆಂಪಣ್ಣನ ಅಂಗಡಿಯಲ್ಲಿ ಕೇಳಿದ ಮಾತು ಇದಲ್ಲವೆಂದು ಅವನಿಗೆ ಆಗ ಗೊತ್ತಾಯಿತಂತೆ. "ಆಜ್ರಾಗ್ಬೇಕು ಅಂತ ಎಲ್ಲೂ ಇರ್ಲಿಲ್ಲ, ಮೇಷ್ಟ್ರೇ. ಎದ್ದೋಗ್ಬೌದು ಅಂತಿತ್ತು." ಮಾತು ಮುಗಿದಾಗ ಬೋರಪ್ಪ, "ಕೇಳುಸ್ತು, ಸಾವ್ಕಾರ್ರೇ," ಎಂದ.

ಆಗ ಪಾಲಾಕ್ಷಯ್ಯ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಹೇಳುವಷ್ಟು ಹೊತ್ತೂ ತನ್ನ ಮುಖ ಬೋರಪ್ಪನ ಹೊಲದ ಕಡೆಗೇ ಇತ್ತೆಂದು ಅವನಿಗೆ ಹೊಳೆದಿರಬೇಕು. ಕಲ್ಲಿನ ಮೇಲೆಯೇ ಮೆಲ್ಲಗೆ ತಿರುಗಿದ. ಶಿವಯ್ಯನ ಹೊಲಕ್ಕೆ ಮುಖ ಮಾಡಿದ. ಉಸಿರು ಸರಿಮಾಡಿಕೊಂಡು, ಒಂದು ಮಾತನ್ನೂ ಕಡಿಮೆ ಮಾಡದೆ, ಮೊದಲಿನಿಂದ ಪೂರ್ತಿ ಇನ್ನೊಮ್ಮೆ ಹೇಳಿದ.